ವೈವಾ ಮೇಜಿನ ಮುಂದೆ ಎರಡು ನಿಮಿಷ

ಎಂಬಿಬಿಎಸ್ ವಿದ್ಯಾರ್ಥಿಗಳು ಪೆಥಾಲಜಿ ವೈವಾದಲ್ಲಿ ಎದುರಿಸುವ ಸಾಮಾನ್ಯ ಪ್ರಶ್ನೆಗಳಲ್ಲಿ ಒಂದು: ‘ಕಬ್ಬಿಣದ ಕೊರತೆಯ ರಕ್ತಹೀನತೆ ಬಗ್ಗೆ ಹೇಳಿ.’ ಗೊತ್ತಿಲ್ಲದ ವಿಷಯವೇನಲ್ಲ, ನೋಟ್ಸ್ ಪುಟಗಟ್ಟಲೆ ಬಾಯಿಪಾಠವಾಗಿರುತ್ತದೆ. ಆದರೂ ಎಷ್ಟೋ ಮಂದಿ ವ್ಯಾಖ್ಯೆ ಹೇಳಿ, ಕಾರಣಗಳ ಪಟ್ಟಿಗೆ ಬಂದು, ಐದನೆಯದು ನೆನಪಾಗದೆ ಅಲ್ಲೇ ತಡವರಿಸುತ್ತಾರೆ. ರಕ್ತಪರೀಕ್ಷೆಯ ತನಕ ಮಾತು ಹೋಗುವುದೇ ಇಲ್ಲ.

ತೊಂದರೆ ಇರುವುದು ನೋಟ್ಸಿನ ಸ್ವರೂಪದಲ್ಲಿ. ಪಾಠ ಕೇಳುತ್ತಾ ಗಡಿಬಿಡಿಯಲ್ಲಿ ಬರೆದುಕೊಂಡದ್ದರಲ್ಲಿ ಕ್ರಿಯಾಪದಗಳೇ ಇರುವುದಿಲ್ಲ. ‘ಫೆರಿಟಿನ್ ಕಡಿಮೆ. ಟಿಐಬಿಸಿ ಹೆಚ್ಚು. ಕಣ ಚಿಕ್ಕದು, ಬಣ್ಣ ಪೇಲವ.’ ಓದುವ ಕಣ್ಣಿಗೆ ಇಷ್ಟು ಸಾಕು. ಮಾತಾಡುವ ಬಾಯಿಗೆ ಸಾಲದು, ಏಕೆಂದರೆ ಒಂದು ಅಂಶದಿಂದ ಮುಂದಿನದಕ್ಕೆ ದಾಟುವ ದಾರಿ ಇದರಲ್ಲಿಲ್ಲ.

ಆ ದಾರಿಯನ್ನು ರೋಗವೇ ತೋರಿಸುತ್ತದೆ. ದೇಹಕ್ಕೆ ಕಬ್ಬಿಣ ಸಾಲದಾದಾಗ ಮೊದಲು ಕರಗುವುದು ದಾಸ್ತಾನು. ಆದ್ದರಿಂದ ಫೆರಿಟಿನ್ ಇಳಿಯುತ್ತದೆ. ಸಿಕ್ಕಷ್ಟು ಕಬ್ಬಿಣವನ್ನಾದರೂ ಹಿಡಿಯಬೇಕೆಂದು ಯಕೃತ್ತು ಅದನ್ನು ಸಾಗಿಸುವ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ಆದ್ದರಿಂದ ರಕ್ತದ ಕಬ್ಬಿಣ ಹಿಡಿಯುವ ಸಾಮರ್ಥ್ಯ, ಅಂದರೆ ಟಿಐಬಿಸಿ, ಏರುತ್ತದೆ. ಕೊನೆಗೆ ಮೂಳೆಮಜ್ಜೆಗೆ ಹಿಮೋಗ್ಲೋಬಿನ್ ಕಟ್ಟಲು ಕಬ್ಬಿಣವೇ ಸಿಗುವುದಿಲ್ಲ. ಆದ್ದರಿಂದ ಕಣಗಳು ಚಿಕ್ಕದಾಗಿ, ಪೇಲವವಾಗಿ ಹುಟ್ಟುತ್ತವೆ. ನೋಟ್ಸಿನ ಬೇರೆ ಬೇರೆ ತಲೆಬರಹಗಳ ಕೆಳಗೆ ಚೆದುರಿದ್ದ ವಿಷಯಗಳು ಹೀಗೆ ಒಂದೇ ಎಳೆಗೆ ಬಂದವು. ಪ್ರತಿ ಎರಡು ಅಂಶಗಳ ನಡುವೆ ‘ಆದ್ದರಿಂದ’ ಹಾಕಿ ನೋಡುವುದೇ ಇಲ್ಲಿ ಮುಖ್ಯ ಕೆಲಸ. ಆ ಪದ ಎಲ್ಲಿ ಕೂರುವುದಿಲ್ಲವೋ ಅಲ್ಲಿ ವಿಷಯ ಅರ್ಥವಾಗಿಲ್ಲ, ಇಲ್ಲವೇ ಆ ಅಂಶ ಎರಡು ನಿಮಿಷದ ಉತ್ತರಕ್ಕೆ ಬೇಕಿಲ್ಲ.

ಮೊದಲ ವಾಕ್ಯ ಮಾತ್ರ ಪೂರ್ತಿ ಬರೆದಿಟ್ಟುಕೊಳ್ಳುವಂಥದ್ದು. ವೈವಾ ನಡೆಯುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅದರ ಧಾಟಿ ಹೀಗಿರುತ್ತದೆ: ‘ಸರ್, ಹಿಮೋಗ್ಲೋಬಿನ್ ತಯಾರಿಸಲು ಬೇಕಾದಷ್ಟು ಕಬ್ಬಿಣ ದೇಹದಲ್ಲಿ ಇಲ್ಲದೆ ಬರುವ ರಕ್ತಹೀನತೆ ಇದು. ನಮ್ಮಲ್ಲಿ ಸಾಮಾನ್ಯ ಕಾರಣಗಳು ಮೂರು: ಊಟದಲ್ಲಿ ಕಬ್ಬಿಣ ಸಾಲದಿರುವುದು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು, ಕೊಕ್ಕೆಹುಳು. ವಯಸ್ಸಾದ ಗಂಡಸರಲ್ಲಿ ಕಂಡರೆ ಕರುಳಿನಲ್ಲಿ ರಕ್ತಸ್ರಾವ ಇದೆಯೇ ಎಂದು ಮೊದಲು ನೋಡಬೇಕು.’ ಇಷ್ಟಕ್ಕೆ ಅರ್ಧ ನಿಮಿಷವೂ ಬೇಡ. ನೋಟ್ಸಿನಲ್ಲಿದ್ದ ಅಪರೂಪದ ಕಾರಣಗಳನ್ನೆಲ್ಲ ಇಲ್ಲಿ ಬಿಟ್ಟಿದೆ. ಕೊನೆಯ ವಾಕ್ಯ ಮಾತ್ರ ಉಳಿಯಲೇಬೇಕು, ಏಕೆಂದರೆ ಅದು ಗೊತ್ತಿಲ್ಲದ ವೈದ್ಯರ ಕೈಯಲ್ಲಿ ಕರುಳಿನ ಕ್ಯಾನ್ಸರ್ ತಪ್ಪಿಹೋಗಬಹುದು.

ನಂತರದ ಒಂದು ನಿಮಿಷ ಮೇಲಿನ ಎಳೆಗೆ. ಉಳಿದ ಸಮಯ ಚಿಕಿತ್ಸೆಗೆ: ಕಬ್ಬಿಣದ ಮಾತ್ರೆ, ಒಂದು ವಾರದ ಆಸುಪಾಸಿನಲ್ಲಿ ಏರುವ ರೆಟಿಕ್ಯುಲೋಸೈಟ್, ಹಿಮೋಗ್ಲೋಬಿನ್ ಸರಿಹೋದ ಮೇಲೂ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸುವುದು, ಮೂಲ ಕಾರಣಕ್ಕೆ ಮದ್ದು. ಅಂಕಿಗಳಲ್ಲಿ ಹಿಮೋಗ್ಲೋಬಿನ್ ಮಿತಿಯೊಂದು ಸಾಕು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕ ಗಂಡಸರಲ್ಲಿ ಡೆಸಿಲೀಟರಿಗೆ 13 ಗ್ರಾಂ, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆ.

ಅಳತೆಗೆ ಪದ ಎಣಿಸುವುದಕ್ಕಿಂತ ಫೋನಿನ ಸ್ಟಾಪ್‌ವಾಚ್ ಒಳ್ಳೆಯದು. ಮನಸ್ಸಿನಲ್ಲಿ ಓದಿದರೆ ಸಮಯ ಮೋಸ ಮಾಡುತ್ತದೆ, ಗಟ್ಟಿಯಾಗಿ ಹೇಳಬೇಕು. ಎರಡೂವರೆ ನಿಮಿಷ ಹಿಡಿದರೆ ವೇಗ ಹೆಚ್ಚಿಸುವುದು ದಾರಿಯಲ್ಲ, ಒಂದು ಅಂಶ ಕೈಬಿಡಬೇಕು. ಒಂದೇ ಉಸಿರಿಗೆ ಹೇಳಲಾಗದ ವಾಕ್ಯವನ್ನು ಎರಡಾಗಿ ಒಡೆಯಬೇಕು.

ಇನ್ನೊಂದು ಸಂಗತಿ ಹಿರಿಯ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಪರೀಕ್ಷಕರ ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಹುಟ್ಟುವುದು ವಿದ್ಯಾರ್ಥಿಯ ಬಾಯಿಂದ ಬಂದ ಪದದಿಂದಲೇ. ‘ಥಲಸ್ಸೀಮಿಯಾದಲ್ಲೂ ಕಣ ಚಿಕ್ಕದಿರುತ್ತದೆ’ ಎಂದರೆ ‘ಬೇರ್ಪಡಿಸುವುದು ಹೇಗೆ?’ ಎಂಬ ಪ್ರಶ್ನೆ ಬಂತೆಂದೇ ಲೆಕ್ಕ. ಅಲ್ಲಿ ಫೆರಿಟಿನ್ ಇಳಿದಿರುವುದಿಲ್ಲ, ಬೀಟಾ ಥಲಸ್ಸೀಮಿಯಾ ಮೈನರ್ ಆದರೆ ಹಿಮೋಗ್ಲೋಬಿನ್ ಎ2 ಏರಿರುತ್ತದೆ ಎನ್ನಲು ಬಂದರೆ ಆ ಪದ ಉತ್ತರದಲ್ಲಿರಲಿ, ಇಲ್ಲದಿದ್ದರೆ ಬೇಡ. ಫೆರಿಟಿನ್ ಎಂದವರು ಅದರ ಮಿತಿಯನ್ನೂ ಅರಿತಿರಬೇಕು: ದೇಹದಲ್ಲಿ ಉರಿಯೂತವಿದ್ದರೆ ಅದು ತಾನಾಗಿಯೇ ಏರುತ್ತದೆ, ಹಾಗಾಗಿ ಕಬ್ಬಿಣದ ಕೊರತೆ ಇದ್ದರೂ ವರದಿಯಲ್ಲಿ ಸರಿಯಾಗಿದೆ ಎಂದೇ ಕಾಣಬಹುದು.

ಬರೆದದ್ದನ್ನು ಅಕ್ಷರಶಃ ಉರು ಹೊಡೆದವರು ಮಧ್ಯದಲ್ಲಿ ಪ್ರಶ್ನೆ ಬಂದರೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಅದಕ್ಕೇ ಬರಹ ಸಿದ್ಧವಾದ ಮೇಲೆ ಚೀಟಿಯಲ್ಲಿ ಐದೇ ಪದ ಉಳಿಸಿಕೊಳ್ಳುವುದು ಒಳ್ಳೆಯದು: ಕಾರಣ, ದಾಸ್ತಾನು, ಸಾಗಣೆ, ಕಣ, ಮಾತ್ರೆ. ಹಾಸ್ಟೆಲ್ಲಿನ ಗೆಳೆಯನೊಬ್ಬನನ್ನು ಎದುರು ಕೂರಿಸಿಕೊಂಡು, ‘ಸಾಗಣೆ’ಗೆ ಬಂದಾಗ ಅವನು ತಡೆದು ಏನಾದರೂ ಕೇಳಲಿ. ಉತ್ತರಿಸಿ ನೇರ ‘ಕಣ’ಕ್ಕೆ ಹೋಗಲು ಬಂದರೆ ಆ ಪ್ರಶ್ನೆ ಸಿದ್ಧವಾದಂತೆ, ಬರದಿದ್ದರೆ ನಡುವಿನ ‘ಆದ್ದರಿಂದ’ವನ್ನು ಇನ್ನೊಮ್ಮೆ ಓದಬೇಕು.