ಎತ್ತರದ ಬೆಟ್ಟವೇ ಕಷ್ಟದ ಬೆಟ್ಟವಾ? ಮೊದಲ ಚಾರಣಕ್ಕೆ ಮುಂಚೆ ಈ ಲೆಕ್ಕ ಹಾಕಿ

‘ಕುಮಾರ ಪರ್ವತ ಬರೀ 13 ಕಿಲೋಮೀಟರ್, ಯಾರು ಬೇಕಾದರೂ ಹತ್ತಬಹುದು’ ಎಂಬಂಥ ಫಾರ್ವರ್ಡ್ ನೋಡಿ ಹೊರಡಬೇಡಿ. ಕಷ್ಟ ಇರುವುದು ದೂರದಲ್ಲಲ್ಲ, ಏರಿನಲ್ಲಿ.

ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಕುಮಾರ ಪರ್ವತ ಅದಕ್ಕಿಂತ ಕಡಿಮೆ, ಸುಮಾರು 1,712 ಮೀಟರ್. ಆದರೂ ಹೆಚ್ಚು ಕಷ್ಟ ಕುಮಾರ ಪರ್ವತವೇ. ಮುಳ್ಳಯ್ಯನಗಿರಿಯ ಸರ್ಪದಾರಿ ಶುರುವಾಗುವುದೇ ಬೆಟ್ಟದ ಮೇಲೆ, ಅಲ್ಲಿಂದ ಕೆಲವೇ ಕಿಲೋಮೀಟರ್ ನಡಿಗೆ. ಕುಕ್ಕೆ ಸುಬ್ರಹ್ಮಣ್ಯ ಮಾತ್ರ ತಪ್ಪಲಲ್ಲಿದೆ. ಅಲ್ಲಿಂದ ಸುಮಾರು 1,600 ಮೀಟರ್ ಏರಬೇಕು.

ಸಮಯ ಅಂದಾಜಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವಿದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತಕ್ಕೆ ದೂರದಿಂದ ಎರಡೂವರೆಗಿಂತ ಸ್ವಲ್ಪ ಹೆಚ್ಚು, ಏರಿನಿಂದಲೂ ಎರಡೂವರೆಗಿಂತ ಸ್ವಲ್ಪ ಹೆಚ್ಚು, ಅಂದರೆ ಹತ್ತಲು ಐದು ಗಂಟೆಗೂ ಹೆಚ್ಚು. ಇದು ಗಟ್ಟಿಮುಟ್ಟಾದವರು ಎಲ್ಲೂ ಕೂರದೆ ನಡೆದರೆ! ಹೊಸಬರಿಗೆ ಇನ್ನೂ ಹೆಚ್ಚು ಬೇಕು. ಆಮೇಲೆ ದಣಿದ ಮಂಡಿಗಳಲ್ಲಿ ಇಳಿಯುವುದೂ ಇದೆ.

ನಮ್ಮ ಶಕ್ತಿ ಎಷ್ಟು? ಹತ್ತು ಮಹಡಿ ಮೆಟ್ಟಿಲು ಹತ್ತಿದರೆ ಆಗುವುದು ಸುಮಾರು 30 ಮೀಟರ್ ಏರು. ಅಷ್ಟಕ್ಕೇ ಮಾತಾಡಲಾರದಷ್ಟು ಏದುಸಿರು ಬಂದರೆ, 300 ಮೀಟರಿಗಿಂತ ಕಡಿಮೆ ಏರಿನ ದಾರಿ ಆರಿಸಿ.

ನೋಟದ ಲೆಕ್ಕವೂ ಇದೆ. ಕುಕ್ಕೆ ಕಡೆಯಿಂದ ಭಟ್ಟರ ಮನೆವರೆಗೆ ಹೆಚ್ಚಾಗಿ ಕಾಡೇ, ನೋಟ ತೆರೆದುಕೊಳ್ಳುವುದು ಆಮೇಲೆ. ಸರ್ಪದಾರಿಯಲ್ಲಿ ಹುಲ್ಲುಗಾವಲಿನ ನಡುವೆ ದಾರಿಯುದ್ದಕ್ಕೂ ಕಣಿವೆ ಕಾಣುತ್ತದೆ. ಅರ್ಧಕ್ಕೆ ಹಿಂತಿರುಗಿದರೂ ನಷ್ಟವಿಲ್ಲ. ಮಳೆಗಾಲದಲ್ಲಿ ಮಾತ್ರ ಮಂಜು ಎಲ್ಲವನ್ನೂ ಮುಚ್ಚಿಬಿಡುತ್ತದೆ.