ಒಂದು ಕಿರುಪದದ ಬಲ: ‘ಫ್ಯೂ’ ಮತ್ತು ‘ಎ ಫ್ಯೂ’

ಆಂಗ್ಲ ಭಾಷೆಯ ‘ಎ’ ಎಂಬ ಉಪಪದವು ಏಕವಚನದ ನಾಮಪದದೊಡನೆ ಮಾತ್ರ ಬರುವುದೆಂದು ವಿದ್ಯಾರ್ಥಿಯು ಮೊದಲ ಪಾಠಗಳಲ್ಲಿಯೇ ಕಲಿತಿರುತ್ತಾನೆ. ಮುಂದೊಮ್ಮೆ ‘ಎ ಫ್ಯೂ ಬುಕ್ಸ್’ ಎಂಬ ಪ್ರಯೋಗವು ಎದುರಾದಾಗ, ಬಹುವಚನದೊಡನೆ ಇದೇಕೆಂದು ಶಂಕಿಸಿ, ಬರೆಯುವಾಗ ಅದನ್ನು ಕೈಬಿಡುತ್ತಾನೆ. ಅಲ್ಲಿಗೆ ವಾಕ್ಯದ ಅರ್ಥವೇ ತಲೆಕೆಳಗಾಗುತ್ತದೆ.

‘ಫ್ಯೂ’ ಎಂಬುದು ಎಣಿಸಬಹುದಾದವುಗಳಿಗೂ ‘ಲಿಟಲ್’ ಎಂಬುದು ನೀರು, ಹಣ, ಜ್ಞಾನ ಮೊದಲಾದ ಎಣಿಸಲಾಗದವುಗಳಿಗೂ ಸಲ್ಲುತ್ತವೆ. (ಆ ವ್ಯಾಕರಣದ ದೃಷ್ಟಿಯಲ್ಲಿ ರೂಪಾಯಿಯನ್ನು ಎಣಿಸಬಹುದು, ಹಣವನ್ನಲ್ಲ!) ಒಂದು ಸಭೆಗೆ 12 ಮಂದಿ ಬಂದರೆಂದು ಭಾವಿಸೋಣ. ‘ಎ ಫ್ಯೂ ಪೀಪಲ್ ಕೇಮ್’ ಎಂದವನು ಬಂದವರನ್ನು ನೋಡಿ ನುಡಿಯುತ್ತಾನೆ. ‘ಫ್ಯೂ ಪೀಪಲ್ ಕೇಮ್’ ಎಂದವನು ಬರಿದಾದ ಆಸನಗಳನ್ನು ನೋಡಿ ನುಡಿಯುತ್ತಾನೆ. ಸಂಖ್ಯೆ ಬದಲಾಗಿಲ್ಲ; ನಿರೀಕ್ಷೆಯ ಅಳತೆಗೋಲು ಬದಲಾಗಿದೆ.

ಉಪಪದವಿಲ್ಲದ ‘ಫ್ಯೂ’ ನಿಷೇಧಾರ್ಥಕವೆಂಬುದಕ್ಕೆ ಆ ಭಾಷೆಯಲ್ಲಿಯೇ ಪ್ರಮಾಣವಿದೆ. ವಾಕ್ಯದ ಕೊನೆಗೆ ‘ಅಲ್ಲವೇ’ ಎಂಬಂತೆ ಸೇರಿಸುವ ಕಿರುಪ್ರಶ್ನೆಯು ನಿಷೇಧವಾಕ್ಯಕ್ಕೆ ವಿಧಿರೂಪದಲ್ಲಿಯೂ ವಿಧಿವಾಕ್ಯಕ್ಕೆ ನಿಷೇಧರೂಪದಲ್ಲಿಯೂ ಬರುವುದು ನಿಯಮ. ಅದರಂತೆ ‘ಫ್ಯೂ ಪೀಪಲ್ ಕೇಮ್’ ಎಂಬುದಕ್ಕೆ ‘ಡಿಡ್ ದೇ?’ ಎಂದೂ, ‘ಎ ಫ್ಯೂ ಪೀಪಲ್ ಕೇಮ್’ ಎಂಬುದಕ್ಕೆ ‘ಡಿಡಂಟ್ ದೇ?’ ಎಂದೂ ಬರುತ್ತದೆ. ಅಲ್ಪತೆಗೂ ಅಭಾವಕ್ಕೂ ಇರುವ ಈ ನಂಟು ಸಂಸ್ಕೃತ ವಿದ್ವಾಂಸರಿಗೆ ಹೊಸತಲ್ಲ. ‘ಅನುದರಾ ಕನ್ಯಾ’ ಎಂದರೆ ಹೊಟ್ಟೆಯೇ ಇಲ್ಲದವಳೆಂದಲ್ಲ, ಕೃಶೋದರಿಯೆಂದು ಅರ್ಥ; ನಿಷೇಧದ ನಞ್ ಅಲ್ಲಿ ಅಲ್ಪತೆಯನ್ನು ಸೂಚಿಸುತ್ತದೆ.

ಕನ್ನಡದಲ್ಲಿಯೂ ಈ ಭೇದವುಂಟು, ಆದರೆ ಅದರ ದಾರಿ ವಿಪರೀತವಾದುದು. ‘ಕೆಲವರು ಬಂದರು’ ಎಂಬ ಬರಿಯ ಪದವು ಇರುವಿಕೆಯನ್ನು ಹೇಳುತ್ತದೆ. ‘ಬಂದವರು ಕೆಲವರೇ’ ಎಂದು ಅವಧಾರಣೆಯ ಏಕಾರವನ್ನು ಸೇರಿಸಿದೊಡನೆ ಕೊರತೆಯ ಛಾಯೆ ಮೂಡುತ್ತದೆ. ಕನ್ನಡದಲ್ಲಿ ಕೂಡಿಸಿದರೆ ಕೊರತೆ, ಆಂಗ್ಲದಲ್ಲಿ ಕಳೆದರೆ ಕೊರತೆ! ಕನ್ನಡ ಬಾಲಕರು ಎಡವುವುದು ಇಲ್ಲಿಯೇ. ಕೆಲಸಕ್ಕಾಗಿ ಅರ್ಜಿ ಬರೆಯುವ ತರುಣನೊಬ್ಬನು ‘ನನಗೆ ಸ್ವಲ್ಪ ಹಿಂದಿ ಬರುತ್ತದೆ’ ಎಂಬ ಅರ್ಹತೆಯನ್ನು ‘ಐ ನೋ ಲಿಟಲ್ ಹಿಂದಿ’ ಎಂದು ಬರೆದನೆನ್ನಿ. ಓದಿದ ಅಧಿಕಾರಿಯು ಇವನಿಗೆ ಹಿಂದಿ ಬಾರದೆಂದೇ ತಿಳಿಯುತ್ತಾನೆ. ‘ಐ ನೋ ಎ ಲಿಟಲ್ ಹಿಂದಿ’ ಎಂದಿದ್ದರೆ ಅದೇ ಅಲ್ಪಜ್ಞಾನವು ಅರ್ಹತೆಯಾಗುತ್ತಿತ್ತು. ವ್ಯಾಕರಣದೋಷವೇನೂ ಇಲ್ಲದ ಕಾರಣ, ತಿದ್ದುವವರ ಕಣ್ಣಿಗೂ ಈ ತಪ್ಪು ಸುಲಭವಾಗಿ ಬೀಳದು. ಬರೆದವನು ಏನನ್ನು ಹೇಳಹೊರಟಿದ್ದನೆಂಬುದನ್ನು ಕೇಳಿಯೇ ಅರಿಯಬೇಕು.

ಉಪಪದವಿದ್ದ ಮಾತ್ರಕ್ಕೆ ಅರ್ಥವು ಸದಾ ತುಂಬುವುದೆಂದೂ ಹೇಳುವಂತಿಲ್ಲ. ‘ಓನ್ಲಿ ಎ ಫ್ಯೂ’ ಎಂದಾಗ ಅದು ನಮ್ಮ ‘ಕೆಲವರೇ’ ಎಂಬಲ್ಲಿಗೆ ಮರಳುತ್ತದೆ. ‘ಕ್ವೈಟ್ ಎ ಫ್ಯೂ’ ಎಂದರಂತೂ ಸಾಕಷ್ಟು ಮಂದಿ ಎಂದೇ ಅರ್ಥ. ಇನ್ನು ‘ಎ ಲಿಟಲ್ ಬಾಯ್’ ಎಂಬಲ್ಲಿ ‘ಲಿಟಲ್’ ಪರಿಮಾಣವನ್ನೇ ಹೇಳುವುದಿಲ್ಲ, ಅವನು ಚಿಕ್ಕ ಹುಡುಗನಷ್ಟೆ.