ಪಾಲಿಸಿ ಪೋರ್ಟ್ ಮಾಡುವಾಗ ಕಾದ ತಿಂಗಳುಗಳ ಲೆಕ್ಕ

ಆರೋಗ್ಯ ವಿಮೆಯ ಪ್ರೀಮಿಯಂ ಏರಿದಾಗಲೋ ಕ್ಲೇಮ್ ಕೊಡಲು ಕಂಪನಿ ಸತಾಯಿಸಿದಾಗಲೋ ಬೇರೆ ಕಂಪನಿಗೆ ಹೋಗಿಬಿಡೋಣ ಅನ್ನಿಸುವುದು ಸಹಜ. ಆಗ ಏಜೆಂಟರು ಹೇಳುವ ಮಾತು ಒಂದೇ: ‘ಪೋರ್ಟ್ ಮಾಡಿಸೋಣ ಸರ್, ಹಳೇದೆಲ್ಲ ಹಾಗೇ ಬರುತ್ತೆ.’ ಈ ಮಾತು ಅರ್ಧ ನಿಜ. ಬರುವುದೇನು, ಬರದಿರುವುದೇನು ಎಂಬುದು ಆಸ್ಪತ್ರೆ ಬಿಲ್ಲಿನ ಮುಂದೆ ನಿಂತಾಗ ಗೊತ್ತಾಗುವುದಕ್ಕಿಂತ ಅರ್ಜಿ ತುಂಬುವಾಗಲೇ ಗೊತ್ತಿದ್ದರೆ ಒಳ್ಳೆಯದು.

ಭಾರತದಲ್ಲಿ ಈ ಸೌಲಭ್ಯ ಬಂದದ್ದು 2011ರ ಅಕ್ಟೋಬರ್ 1ರಂದು. ಅದಕ್ಕೂ ಮುಂಚೆ ಕಂಪನಿ ಬದಲಿಸಿದವರು ಹೊಸ ಗಿರಾಕಿಯಾಗಿಯೇ ಶುರು ಮಾಡಬೇಕಿತ್ತು. ಮೂರು ನಾಲ್ಕು ವರ್ಷ ಪ್ರೀಮಿಯಂ ಕಟ್ಟಿ ಕಾದದ್ದಕ್ಕೆ ಬೆಲೆಯೇ ಇರಲಿಲ್ಲ. ಹಾಗಾಗಿ ಸಿಟ್ಟು ಬಂದರೂ ಜನ ಹಳೆಯ ಕಂಪನಿಯಲ್ಲೇ ಉಳಿಯುತ್ತಿದ್ದರು. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಆ ಬೇಡಿಯನ್ನು ಕಳಚಿತು. ಇದು ಆರೋಗ್ಯ ವಿಮೆಗೆ ಮಾತ್ರ, ಜೀವ ವಿಮೆಗೆ ಇಲ್ಲ.

ಪೋರ್ಟ್ ಮಾಡುವಾಗ ಜೊತೆಗೆ ಬರುವ ಮುಖ್ಯ ಆಸ್ತಿ ಎಂದರೆ ಕಾದ ತಿಂಗಳುಗಳ ಜಮೆ. ಪಾಲಿಸಿಯಲ್ಲಿ ಕಾಯುವ ಅವಧಿ ಮೂರು ಬಗೆಯದು. ಮೊದಲನೆಯದು ಪಾಲಿಸಿ ಶುರುವಾದ ಮೊದಲ 30 ದಿನ. ಆಗ ಅಪಘಾತ ಬಿಟ್ಟು ಬೇರೆ ಯಾವ ಕಾಯಿಲೆಗೂ ಹಣ ಸಿಗದು. ಎರಡನೆಯದು ಹರ್ನಿಯಾ, ಕಣ್ಣಿನ ಪೊರೆ, ಕಿಡ್ನಿ ಕಲ್ಲು, ಮಂಡಿ ಬದಲಾವಣೆಯಂಥ ಪಟ್ಟಿ ಮಾಡಿದ ಕಾಯಿಲೆಗಳದ್ದು. ಬಹಳಷ್ಟು ಪಾಲಿಸಿಗಳಲ್ಲಿ ಇದು 24 ತಿಂಗಳು. ಮೂರನೆಯದು ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗಳದ್ದು. ಇದು ಮುಂಚೆ 48 ತಿಂಗಳವರೆಗೂ ಹೋಗುತ್ತಿತ್ತು. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ 36 ತಿಂಗಳು ಮೀರುವಂತಿಲ್ಲ. ಪಾಲಿಸಿ ಪುಸ್ತಿಕೆಯಲ್ಲಿ ಇವು ಯಾವ ಪುಟದಲ್ಲಿವೆ ಎಂದು ತಡಕಾಡಬೇಕಿಲ್ಲ. ಎಲ್ಲ ಕಂಪನಿಗಳೂ ಒಂದೇ ಸಂಕೇತ ಬಳಸುತ್ತವೆ: ಮೊದಲೇ ಇದ್ದ ಕಾಯಿಲೆಗೆ Excl01, ಪಟ್ಟಿಯ ಕಾಯಿಲೆಗಳಿಗೆ Excl02, ಮೊದಲ 30 ದಿನಕ್ಕೆ Excl03.

ಈ ಮೂರರಲ್ಲೂ ನೀವು ಕಳೆದಷ್ಟು ತಿಂಗಳು ಹೊಸ ಕಂಪನಿಯಲ್ಲಿ ಜಮೆಯಾಗುತ್ತವೆ. ಆದರೆ ಆ ಜಮೆ ಮನುಷ್ಯನಿಗಷ್ಟೇ ಅಂಟಿಕೊಂಡದ್ದಲ್ಲ, ಒಂದು ಮೊತ್ತಕ್ಕೂ ಅಂಟಿಕೊಂಡದ್ದು. ಹಳೆಯ ಪಾಲಿಸಿಯ ವಿಮಾ ಮೊತ್ತ ಎಷ್ಟಿತ್ತೋ ಅಷ್ಟಕ್ಕೆ, ಜೊತೆಗೆ ಕ್ಲೇಮ್ ಮಾಡದೆ ಗಳಿಸಿದ ಬೋನಸ್ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ ಅದು ಸಲ್ಲುತ್ತದೆ. ಅದಕ್ಕಿಂತ ಮೇಲೆ ಏರಿಸಿಕೊಂಡ ಮೊತ್ತ ಇವತ್ತು ಹುಟ್ಟಿದ ಪಾಲಿಸಿ ಇದ್ದಂತೆ. ಬಹುಪಾಲು ಜನ ಎಡವುವುದು ಇಲ್ಲೇ, ಏಕೆಂದರೆ ಕಂಪನಿ ಬದಲಿಸುವವರು ಸಾಮಾನ್ಯವಾಗಿ ಅದೇ ಹೊತ್ತಿಗೆ ಮೊತ್ತವನ್ನೂ ಏರಿಸುತ್ತಾರೆ.

ಹುಬ್ಬಳ್ಳಿಯ ಒಂದು ಕುಟುಂಬವನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಊಹೆಯ ಕುಟುಂಬ, ಆದರೆ ನಿಯಮಗಳು ನಿಜವಾದವು. ಗಂಡ ಹೆಂಡತಿ ಇಬ್ಬರಿಗೂ ಸೇರಿ 5 ಲಕ್ಷದ ಫ್ಲೋಟರ್ ಪಾಲಿಸಿ, ಶುರುವಾದದ್ದು 2024ರ ಜೂನ್ 10. ಗಂಡನಿಗೆ ಆಗಲೇ ಬಿಪಿ ಇತ್ತು, ಅರ್ಜಿಯಲ್ಲಿ ಹೇಳಿಕೊಂಡಿದ್ದರು. ಬಿಪಿಗೆ ಕಾಯುವ ಅವಧಿ 36 ತಿಂಗಳು, ಪಟ್ಟಿಯ ಕಾಯಿಲೆಗಳಿಗೆ 24. ಎರಡು ವರ್ಷವೂ ಕ್ಲೇಮ್ ಮಾಡಲಿಲ್ಲ. ವರ್ಷಕ್ಕೆ 50 ಸಾವಿರದಂತೆ 1 ಲಕ್ಷ ಬೋನಸ್ ಸೇರಿತು. ಈ ನಡುವೆ 2025ರ ಅಕ್ಟೋಬರ್‌ನಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. 2026ರ ಜೂನ್ 10ರಂದು ಇನ್ನೊಂದು ಕಂಪನಿಗೆ ಪೋರ್ಟ್ ಆಗಿ ಮೊತ್ತವನ್ನು 10 ಲಕ್ಷಕ್ಕೆ ಏರಿಸಿಕೊಂಡರು. ಅಲ್ಲೂ ಕಾಯುವ ಅವಧಿಗಳು ಅವೇ, 36 ಮತ್ತು 24.

ಪಾಲಿಸಿ ಪತ್ರದಲ್ಲಿ 10 ಲಕ್ಷ ಎಂದು ಒಂದೇ ಅಂಕಿ ಕಾಣುತ್ತದೆ. ಒಳಗೆ ಅದು ಎರಡು ಭಾಗ. 5 ಲಕ್ಷ ಮತ್ತು ಬೋನಸ್ಸಿನ 1 ಲಕ್ಷ ಸೇರಿ 6 ಲಕ್ಷಕ್ಕೆ 24 ತಿಂಗಳ ಜಮೆ ಇದೆ. ಉಳಿದ 4 ಲಕ್ಷಕ್ಕೆ ಏನೂ ಇಲ್ಲ.

ಪೋರ್ಟ್ ಆದ ಮರುತಿಂಗಳೇ ಗಂಡನಿಗೆ ಹರ್ನಿಯಾ ಆಪರೇಷನ್ ಆಗಬೇಕಾಯಿತು ಎನ್ನಿ. 24 ತಿಂಗಳು ಆಗಲೇ ತುಂಬಿದೆ, ಹಾಗಾಗಿ 6 ಲಕ್ಷದವರೆಗೆ ಹೊಸ ಕಂಪನಿ ಕೊಡಬೇಕು. ಆದರೆ ಬಿಪಿಯಿಂದಾಗಿ 2026ರ ಡಿಸೆಂಬರ್‌ನಲ್ಲಿ ಪಾರ್ಶ್ವವಾಯು ಬಡಿದರೆ? ಕಳೆದದ್ದು 30 ತಿಂಗಳು, ಬೇಕಿರುವುದು 36. ಬಿಪಿಯ ನೇರ ಪರಿಣಾಮ ಎಂದು ಕಂಡುಬಂದರೆ ಏನೂ ಸಿಗದು. ಅದೇ ತೊಂದರೆ 2027ರ ಆಗಸ್ಟ್‌ನಲ್ಲಿ ಆಗಿ ಬಿಲ್ಲು 8 ಲಕ್ಷ ಬಂದರೆ 6 ಲಕ್ಷ ಸಿಗುತ್ತದೆ, 2 ಲಕ್ಷ ಕೈಯಿಂದ ಹೋಗುತ್ತದೆ. ಪೂರ್ತಿ 10 ಲಕ್ಷ ಬಿಪಿಗೆ ತೆರೆದುಕೊಳ್ಳುವುದು 2029ರ ಜೂನ್‌ನಲ್ಲಿ.

ಹೆಂಡತಿಯ ಸಕ್ಕರೆ ಕಾಯಿಲೆಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಮೊದಲ ಪಾಲಿಸಿ ಶುರುವಾದ ಮೇಲೆ ಪತ್ತೆಯಾದದ್ದರಿಂದ 6 ಲಕ್ಷದ ಮಟ್ಟಿಗೆ ಅದು ‘ಮೊದಲೇ ಇದ್ದ ಕಾಯಿಲೆ’ ಅಲ್ಲ, ಕಾಯುವ ಪ್ರಶ್ನೆಯೇ ಇಲ್ಲ. ಹೊಸದಾಗಿ ಸೇರಿಸಿದ 4 ಲಕ್ಷದ ಮಟ್ಟಿಗೆ ಅದೇ ಕಾಯಿಲೆ ಮೊದಲೇ ಇದ್ದದ್ದು. 36 ತಿಂಗಳು ಕಾಯಬೇಕು. ಒಬ್ಬರೇ ರೋಗಿ, ಒಂದೇ ಕಾಯಿಲೆ, ಒಂದೇ ಪಾಲಿಸಿ, ಉತ್ತರ ಮಾತ್ರ ಎರಡು. ಮೊದಲ 30 ದಿನದ ನಿಯಮವೂ ಏರಿಸಿದ ಮೊತ್ತಕ್ಕೆ ಮತ್ತೆ ಅನ್ವಯಿಸುತ್ತದೆ. ಜೂನ್ 20ಕ್ಕೆ ಡೆಂಗಿ ಎಂದು ಆಸ್ಪತ್ರೆ ಸೇರಿದರೆ 6 ಲಕ್ಷವೇ ಮಿತಿ.

ಎರಡು ಪಾಲಿಸಿಗಳ ಅವಧಿ ಒಂದೇ ಇರಬೇಕೆಂದೇನೂ ಇಲ್ಲ. ಹೊಸದರಲ್ಲಿ ಮೊದಲೇ ಇದ್ದ ಕಾಯಿಲೆಗೆ 24 ತಿಂಗಳೇ ಇದ್ದರೆ ನಮ್ಮ ಕುಟುಂಬದ 6 ಲಕ್ಷಕ್ಕೆ ಬಿಪಿಯೂ ಮೊದಲ ದಿನದಿಂದಲೇ ಸಲ್ಲುತ್ತಿತ್ತು. ಉಲ್ಟಾ ಪರಿಸ್ಥಿತಿಯೂ ಉಂಟು: ಹಳೆಯದರಲ್ಲಿ 12 ತಿಂಗಳಿಗೇ ಮುಗಿದಿದ್ದ ಕಾಯುವಿಕೆ ಹೊಸದರಲ್ಲಿ 36 ಇದ್ದರೆ, ಕಳೆದ ತಿಂಗಳುಗಳನ್ನು ಕಳೆದು ಉಳಿದದ್ದನ್ನು ಮತ್ತೆ ಕಾಯಬೇಕು. ಹಳೆಯ ಕಂಪನಿಯಲ್ಲಿ ಮುಗಿದ ಬಾಗಿಲು ಇಲ್ಲಿ ಪುನಃ ಮುಚ್ಚಬಹುದು. ಹೆರಿಗೆ ಖರ್ಚು ಹಳೆಯ ಪಾಲಿಸಿಯಲ್ಲಿ ಇರಲೇ ಇಲ್ಲ ಎಂದಾದರೆ ಅದಕ್ಕೆ ಜಮೆಯೂ ಇರುವುದಿಲ್ಲ. ಪೋರ್ಟ್ ಮಾಡುವಾಗ ಅತ್ತೆಯನ್ನೋ ಮಗುವನ್ನೋ ಹೊಸದಾಗಿ ಸೇರಿಸಿದರೆ ಅವರ ತಿಂಗಳು ಅವತ್ತಿನಿಂದ ಶುರು. ರೂಮ್ ಬಾಡಿಗೆ ಮಿತಿ, ನಾವೇ ಭರಿಸಬೇಕಾದ ಪಾಲು, ಪ್ರೀಮಿಯಂ ಇವೆಲ್ಲ ಹೊಸ ಕಂಪನಿಯವೇ. ಹಳೆಯ ಷರತ್ತುಗಳು ಯಾವುವೂ ಬರುವುದಿಲ್ಲ.

ಜೊತೆಗೆ ಬರುವ ಇನ್ನೊಂದು ಜಮೆಯ ಬಗ್ಗೆ ಏಜೆಂಟರು ಹೇಳುವುದು ಕಡಿಮೆ. 60 ತಿಂಗಳು ಸತತವಾಗಿ ಪಾಲಿಸಿ ಇದ್ದರೆ, ‘ಅರ್ಜಿಯಲ್ಲಿ ಕಾಯಿಲೆ ಮುಚ್ಚಿಟ್ಟಿದ್ದೀರಿ’ ಎಂಬ ಕಾರಣ ಒಡ್ಡಿ ಕಂಪನಿ ಕ್ಲೇಮ್ ನಿರಾಕರಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಬೇರೆ ಮಾತು. 2024ಕ್ಕೆ ಮುಂಚೆ ಇದು 8 ವರ್ಷವಿತ್ತು. ಈ ಐದು ವರ್ಷದ ಎಣಿಕೆಯೂ ಪೋರ್ಟ್ ಜೊತೆ ಮುಂದುವರಿಯುತ್ತದೆ, ಏರಿಸಿದ ಮೊತ್ತಕ್ಕೆ ಮಾತ್ರ ಏರಿಸಿದ ದಿನದಿಂದ ಹೊಸ ಎಣಿಕೆ. ಇದನ್ನು ನಂಬಿಕೊಂಡು ಹೊಸ ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡುವುದು ಮಾತ್ರ ಕೆಟ್ಟ ಲೆಕ್ಕಾಚಾರ. ಹಳೆಯ ಕಂಪನಿಯ ದಾಖಲೆ ಹೊಸ ಕಂಪನಿಯ ಕೈಗೆ ಹೇಗೂ ಹೋಗುತ್ತದೆ.

ಆ ದಾಖಲೆ ಹೋಗುವ ದಾರಿಯೇ ಪೋರ್ಟಿಂಗ್‌ನ ಕಾರ್ಯವಿಧಾನ. ಬಹಳಷ್ಟು ಪಾಲಿಸಿಗಳ ಷರತ್ತಿನಲ್ಲಿ, ನವೀಕರಣದ ದಿನಕ್ಕೆ 60 ದಿನಕ್ಕಿಂತ ಮುಂಚೆ ಅಲ್ಲ, 45 ದಿನಕ್ಕಿಂತ ತಡವೂ ಅಲ್ಲದಂತೆ ಅರ್ಜಿ ಕೊಡಬೇಕು ಎಂದಿರುತ್ತದೆ. ನಮ್ಮ ಕುಟುಂಬಕ್ಕೆ ಅದು ಏಪ್ರಿಲ್ 11ರಿಂದ 26. ಅರ್ಜಿ ಕೊಡುವುದು ಹೊಸ ಕಂಪನಿಗೆ: ಪೋರ್ಟಬಿಲಿಟಿ ಫಾರಂ, ಪ್ರಪೋಸಲ್ ಫಾರಂ, ಹಿಂದಿನ ಪಾಲಿಸಿಗಳ ಪ್ರತಿ. ಬೋನಸ್ಸಿನಷ್ಟು ಮೊತ್ತಕ್ಕೂ ಜಮೆ ಬೇಕೆಂದು ಫಾರಂನಲ್ಲೇ ಬರೆಯುವುದು ಒಳ್ಳೆಯದು. ಹೊಸ ಕಂಪನಿ ಕೇಳಿದಾಗ ಹಳೆಯ ಕಂಪನಿ ಪಾಲಿಸಿ ಮತ್ತು ಕ್ಲೇಮ್‌ಗಳ ಚರಿತ್ರೆಯನ್ನು 72 ಗಂಟೆಯೊಳಗೆ ಕೊಡಬೇಕು. ಅದು ಕೈಸೇರಿದ 5 ದಿನದೊಳಗೆ ಹೊಸ ಕಂಪನಿ ತನ್ನ ತೀರ್ಮಾನ ತಿಳಿಸಬೇಕು. 2024ರ ಮೇ ತಿಂಗಳ ಸುತ್ತೋಲೆ ಈ ಗಡುವುಗಳನ್ನು ಹಾಕಿದೆ. ಪೋರ್ಟ್ ಮಾಡಿದ್ದಕ್ಕೆಂದೇ ಶುಲ್ಕ ಕೇಳುವಂತಿಲ್ಲ.

ತೀರ್ಮಾನ ಎಂದರೆ ಒಪ್ಪಿಗೆಯೇ ಆಗಬೇಕೆಂದಿಲ್ಲ. ಜಮೆ ಪಡೆಯುವುದು ನಿಮ್ಮ ಹಕ್ಕು. ನಿಮ್ಮನ್ನು ಸೇರಿಸಿಕೊಳ್ಳುವುದು ಬಿಡುವುದು ಹೊಸ ಕಂಪನಿಯ ಇಷ್ಟ. ವಯಸ್ಸು, ತಪಾಸಣೆ ವರದಿ, ಹಿಂದಿನ ಕ್ಲೇಮ್ ನೋಡಿ ಅದು ಹೆಚ್ಚು ಪ್ರೀಮಿಯಂ ಕೇಳಬಹುದು, ಇಲ್ಲ ಎಂದೂ ಹೇಳಬಹುದು. ನನಗೆ ಈ ವ್ಯವಸ್ಥೆಯ ದೊಡ್ಡ ಕೊರತೆಯಾಗಿ ಕಾಣುವುದು ಇದೇ: ಕಂಪನಿ ಬದಲಿಸುವ ಅಗತ್ಯ ಹೆಚ್ಚಾಗಿ ಇರುವುದು ಕಾಯಿಲೆಯವರಿಗೆ, ಬಾಗಿಲು ಸಲೀಸಾಗಿ ತೆರೆಯುವುದು ಗಟ್ಟಿಮುಟ್ಟಾದವರಿಗೆ. ಹಾಗಾಗಿ ಹೊಸ ಕಂಪನಿಯ ಲಿಖಿತ ಒಪ್ಪಿಗೆ ಬರುವ ತನಕ ಹಳೆಯದನ್ನು ಕೈಬಿಡಬಾರದು. ನವೀಕರಣದ ದಿನ ಬಂದರೂ ಉತ್ತರವಿಲ್ಲವೆಂದರೆ ಹಳೆಯದನ್ನೇ ನವೀಕರಿಸಿ ಮುಂದಿನ ವರ್ಷ ಯತ್ನಿಸುವುದು ಲೇಸು. ಪಾಲಿಸಿ ಕಡಿದುಹೋದರೆ ಕಾದದ್ದೆಲ್ಲ ನೀರಿನಲ್ಲಿ ಹೋಮ.

ಕಚೇರಿಯಿಂದ ಸಿಕ್ಕ ಗುಂಪು ವಿಮೆ ಇರುವವರದ್ದು ಎರಡು ಹೆಜ್ಜೆಯ ದಾರಿ. ಕೆಲಸ ಬಿಡುವಾಗ ಮೊದಲು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಬೇಕು, ಆಮೇಲಿನ ನವೀಕರಣದಲ್ಲಿ ಬೇರೆ ಕಂಪನಿಗೆ ಪೋರ್ಟ್.

ಹೊಸ ಪಾಲಿಸಿ ಕೈಗೆ ಬಂದಾಗ ನೋಡಬೇಕಾದದ್ದು ಅದರ ಮೊದಲ ಹಾಳೆಯನ್ನು. ಅಲ್ಲಿ ಹಳೆಯ ಕಂಪನಿಯ ಹೆಸರು, ಹಿಂದಿನ ಪಾಲಿಸಿ ಸಂಖ್ಯೆ, ಪ್ರತಿ ಸದಸ್ಯರಿಗೂ ಮೊದಲ ಪಾಲಿಸಿ ಶುರುವಾದ ದಿನಾಂಕ, ಜಮೆ ಸಲ್ಲುವ ಮೊತ್ತ ಇರಬೇಕು. ನಮ್ಮ ಕುಟುಂಬದ ಹಾಳೆಯಲ್ಲಿ ಆ ದಿನಾಂಕ 10-06-2024 ಎಂದಿರಬೇಕು. 10-06-2026 ಎಂದಿದ್ದರೆ ಅದು ಪೋರ್ಟ್ ಅಲ್ಲ. ಯಾರೋ ಅವಸರದಲ್ಲಿ ಹೊಸ ಪಾಲಿಸಿಯನ್ನೇ ಮಾಡಿಸಿಬಿಟ್ಟಿದ್ದಾರೆ. ಹಾಗಿದ್ದರೆ ಆ ವಾರವೇ ಬರಹದಲ್ಲಿ ತಿದ್ದುಪಡಿ ಕೇಳಬೇಕು. ಕಂಪನಿ ಕದಲದಿದ್ದರೆ ಐಆರ್‌ಡಿಎಐನ ‘ಬಿಮಾ ಭರೋಸಾ’ ಜಾಲತಾಣ, ಅದರ ನಂತರ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್. ಹೊಸ ಪಾಲಿಸಿ ಹಿಡಿಸದಿದ್ದರೆ 30 ದಿನದೊಳಗೆ ವಾಪಸು ಕೊಡುವ ಸೌಲಭ್ಯವನ್ನು ಇಲ್ಲಿ ನೆಚ್ಚಿಕೊಳ್ಳುವ ಹಾಗಿಲ್ಲ. ಪೋರ್ಟ್ ಆಗಿ ಬಂದ ಪಾಲಿಸಿಗೆ ಅದು ಅನ್ವಯಿಸದು ಎಂದು ಬಹುತೇಕ ಪಾಲಿಸಿಗಳ ಷರತ್ತಿನಲ್ಲೇ ಬರೆದಿರುತ್ತದೆ.